ಅಲೆ ತೋರಿಸದ ಗಡಿಯಾರದ ಅಂಕಿಯನ್ನು ನಾನೇಕೆ ನಂಬಬೇಕು?

ನಮಸ್ಕಾರ. ಕಳೆದ ಸಂಚಿಕೆಯ ಕೆಳಗೆ ವೀಕ್ಷಕರೊಬ್ಬರು ಬರೆದ ಟಿಪ್ಪಣಿಯನ್ನು ಮೊದಲು ಓದಿಬಿಡುತ್ತೇನೆ. ಅದನ್ನು ಓದಿದಾಗಿನಿಂದ ನನಗೆ ಸಮಾಧಾನವಿಲ್ಲ. "ನಮ್ಮ ತಂದೆಯವರ ಸ್ಮಾರ್ಟ್‌ವಾಚ್ ರಾತ್ರಿ ಎರಡು ಗಂಟೆಗೆ ಆಮ್ಲಜನಕ 86 ಎಂದು ತೋರಿಸಿತು. ಗಾಬರಿಯಿಂದ ಅವರನ್ನು ಎಬ್ಬಿಸಿ ಬೆರಳಿಗೆ ಆಕ್ಸಿಮೀಟರ್ ಹಾಕಿದರೆ 97. ಮೂವತ್ತು ಸಾವಿರದ ಗಡಿಯಾರ ಸುಳ್ಳಂತೆ, ಕೋವಿಡ್ ಸಮಯದಲ್ಲಿ ಮೆಡಿಕಲ್ ಸ್ಟೋರಿನಲ್ಲಿ ತಂದ ಸಾವಿರ ರೂಪಾಯಿಯ ಕ್ಲಿಪ್ಪು ನಿಜವಂತೆ! ನಿಮಗೆ ಗಡಿಯಾರಗಳನ್ನು ಕಂಡರೆ ಆಗುವುದಿಲ್ಲ, ಅಷ್ಟೇ."

ನನಗೆ ಗಡಿಯಾರಗಳ ಮೇಲೆ ಹಗೆಯಿಲ್ಲ. ನಾನೂ ಒಂದನ್ನು ಕಟ್ಟಿಕೊಂಡಿದ್ದೇನೆ, ಅದು ಗಂಟೆಯನ್ನು ಬಹಳ ನಿಖರವಾಗಿ ತೋರಿಸುತ್ತದೆ. ನನ್ನ ತಕರಾರು ಒಂದೇ, ಅದನ್ನು ಈ ಸಂಚಿಕೆಯ ಉದ್ದಕ್ಕೂ ಹೇಳುತ್ತಲೇ ಇರುತ್ತೇನೆ, ಬೇಸರವಾದವರು ವೇಗ ಹೆಚ್ಚಿಸಿಕೊಂಡು ಕೇಳಬಹುದು: ಗಡಿಯಾರದ ಸೆನ್ಸರ್ ಅಳೆಯುವುದು ಒಂದು ಅಲೆಯನ್ನು, ಪರದೆಯ ಮೇಲೆ ತೋರಿಸುವುದು ಒಂದು ಅಂಕಿಯನ್ನು. ಆ ಅಲೆಯನ್ನು ನಮಗೆ ತೋರಿಸದಿದ್ದರೆ, ಅಂಕಿ ಅಳತೆಯಿಂದ ಬಂದದ್ದೋ ಕೈಯ ಅಲುಗಾಟದಂಥ ಗದ್ದಲದಿಂದ ಹುಟ್ಟಿದ್ದೋ ಎಂದು ತಿಳಿಯಲು ನಮಗೆ ಯಾವ ದಾರಿಯೂ ಇರುವುದಿಲ್ಲ.

ಮೊದಲು ಆ ಅಲೆ ಯಾವುದೆಂದು ನೋಡೋಣ. ಗಡಿಯಾರವನ್ನು ಕತ್ತಲಲ್ಲಿ ಬಿಚ್ಚಿ ತಿರುಗಿಸಿದರೆ ಹಿಂಭಾಗದಲ್ಲಿ ಹಸಿರು ಬೆಳಕು ಮಿನುಗುವುದು ಕಾಣುತ್ತದೆ. ರಕ್ತದಲ್ಲಿರುವ ಹಿಮೋಗ್ಲೋಬಿನ್ ಹಸಿರು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಹೃದಯ ಒಮ್ಮೆ ಬಡಿದಾಗ ಮಣಿಕಟ್ಟಿನ ಚರ್ಮದೊಳಗಿನ ಸಣ್ಣ ರಕ್ತನಾಳಗಳು ಒಂದಿಷ್ಟು ಉಬ್ಬುತ್ತವೆ, ಆ ಕ್ಷಣದಲ್ಲಿ ಅಲ್ಲಿ ರಕ್ತ ಹೆಚ್ಚಿರುವುದರಿಂದ ಹಿಂತಿರುಗಿ ಬರುವ ಬೆಳಕು ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಎಲ್‌ಇಡಿಯ ಪಕ್ಕದಲ್ಲೇ ಇರುವ ಬೆಳಕಿನ ಸೆನ್ಸರ್ ಈ ಏರಿಳಿತವನ್ನು ಸೆಕೆಂಡಿಗೆ ಹತ್ತಾರು ಬಾರಿ ದಾಖಲಿಸಿಕೊಳ್ಳುತ್ತದೆ. ಆ ಏರಿಳಿತವೇ ಅಲೆ. ಎರಡು ಅಲೆಗಳ ನಡುವಿನ ಸಮಯದಿಂದ ಹೃದಯ ಬಡಿತದ ಲೆಕ್ಕ ಸಿಗುತ್ತದೆ.

ಕೇಳಲು ಸುಲಭವಾಗಿದೆ. ತೊಡಕಿರುವುದು ಪ್ರಮಾಣದಲ್ಲಿ. ಹಿಂತಿರುಗಿ ಬರುವ ಬೆಳಕಿನ ಬಹುಪಾಲು ಚರ್ಮ, ಕೊಬ್ಬು ಮತ್ತು ನಾಡಿಯಿಲ್ಲದ ರಕ್ತದಿಂದ ಬಂದ ಬೆಳಕು, ಅದು ಬದಲಾಗುವುದಿಲ್ಲ. ಹೃದಯಕ್ಕೆ ಸಂಬಂಧಿಸಿದ ಏರಿಳಿತ ಮಣಿಕಟ್ಟಿನಲ್ಲಿ ನೂರಕ್ಕೆ ಒಂದು ಪಾಲೋ, ಎಷ್ಟೋ ಸಲ ಅದಕ್ಕಿಂತಲೂ ಕಡಿಮೆಯೋ ಇರುತ್ತದೆ. ಜಾತ್ರೆಯ ನಡುವೆ ನಿಂತು ಪಕ್ಕದವರ ಪಿಸುಮಾತು ಕೇಳಿಸಿಕೊಳ್ಳಬೇಕಾದ ಸ್ಥಿತಿ ಆ ಸೆನ್ಸರಿನದು. ಕೈ ಅಲುಗಾಡಿದರೆ, ಪಟ್ಟಿ ಸಡಿಲವಾದರೆ, ಗಡಿಯಾರ ಚರ್ಮದಿಂದ ಕೂದಲೆಳೆಯಷ್ಟು ಮೇಲೆದ್ದರೆ ಆಗುವ ಬೆಳಕಿನ ಬದಲಾವಣೆ ನಾಡಿಯ ಏರಿಳಿತಕ್ಕಿಂತ ಎಷ್ಟೋ ಪಟ್ಟು ದೊಡ್ಡದು.

ಲಾಲ್‌ಬಾಗಿನಲ್ಲಿ ಬೆಳಿಗ್ಗೆ ಓಡುವವರು ಇದನ್ನು ಪರೀಕ್ಷಿಸಿ ನೋಡಬಹುದು. ನಿಮಿಷಕ್ಕೆ 164 ಹೆಜ್ಜೆ ಹಾಕುತ್ತಾ ಆರಾಮಾಗಿ ಮಾತನಾಡಿಕೊಂಡು ಓಡುತ್ತಿರುವಾಗ ಗಡಿಯಾರ ಹೃದಯ ಬಡಿತವನ್ನೂ 164 ಎಂದು ತೋರಿಸಿದರೆ ಅನುಮಾನಿಸಬೇಕು. ಪ್ರತಿ ಹೆಜ್ಜೆಗೂ ಕೈ ಬೀಸಿ, ಪ್ರತಿ ಬೀಸಿಗೂ ಬೆಳಕು ಏರಿಳಿದು, ಗಡಿಯಾರ ಆ ಲಯವನ್ನೇ ನಾಡಿಯೆಂದು ಹಿಡಿದುಕೊಂಡಿರಬಹುದು. ನಿಂತು ಕತ್ತಿನ ಪಕ್ಕದಲ್ಲಿ ಎರಡು ಬೆರಳಿಟ್ಟು ಕೂಡಲೇ ಹದಿನೈದು ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸಿ. 34 ಸಿಕ್ಕರೆ ನಿಮ್ಮ ಬಡಿತ 136. ಗಡಿಯಾರ ತೋರಿಸುತ್ತಿದ್ದದ್ದು ನಿಮ್ಮ ಕಾಲಿನ ಲೆಕ್ಕ. ಕೈಯ ಚಲನೆಯನ್ನು ಗುರುತಿಸಿ ಕಳೆಯಲು ಒಳಗೆ ಇನ್ನೊಂದು ಸೆನ್ಸರ್ ಇರುವುದು ನಿಜ, ಆದರೆ ಹೆಜ್ಜೆಯ ಲಯವೂ ನಾಡಿಯ ಲಯವೂ ಹತ್ತಿರ ಬಂದಾಗ ಯಾವುದನ್ನು ಕಳೆಯಬೇಕೆಂಬುದೇ ಅದಕ್ಕೆ ತಿಳಿಯದೆ ಹೋಗಬಹುದು. ಕುಳಿತು ವಿಶ್ರಮಿಸುವಾಗ ಇದೇ ಗಡಿಯಾರ ಬಡಿತವನ್ನು ಸಾಮಾನ್ಯವಾಗಿ ಚೆನ್ನಾಗಿಯೇ ಹೇಳುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಇನ್ನು ಆಮ್ಲಜನಕಕ್ಕೆ ಬರೋಣ, ಟಿಪ್ಪಣಿ ಬರೆದವರ ತಂದೆಯವರ 86ಕ್ಕೆ. ರಕ್ತದ ಹಿಮೋಗ್ಲೋಬಿನ್ನಿನಲ್ಲಿ ನೂರಕ್ಕೆ ಎಷ್ಟು ಪಾಲು ಆಮ್ಲಜನಕ ಹೊತ್ತಿದೆ ಎಂಬುದೇ ಈ ಅಂಕಿ. ಇಲ್ಲಿ ಹಸಿರು ಬೆಳಕು ಸಾಲದು. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಕೆಂಪು ಬೆಳಕನ್ನು ಕಡಿಮೆ ಹೀರುತ್ತದೆ, ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಹೆಚ್ಚು ಹೀರುತ್ತದೆ. ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ ಇದು ತಿರುಗುಮುರುಗು. ಹಾಗಾಗಿ ಸುಮಾರು 660 ನ್ಯಾನೋಮೀಟರಿನ ಕೆಂಪು, ಸುಮಾರು 940 ನ್ಯಾನೋಮೀಟರಿನ ಅವಕೆಂಪು, ಈ ಎರಡನ್ನೂ ಸರದಿಯಲ್ಲಿ ಹಾಯಿಸಿ, ಎರಡರಲ್ಲೂ ನಾಡಿಯ ಅಲೆ ಎಷ್ಟೆತ್ತರ ಎಂದು ನೋಡಲಾಗುತ್ತದೆ.

ನಾಡಿಯ ಅಲೆಯೇ ಏಕೆ ಬೇಕು? ಏಕೆಂದರೆ ಅಪಧಮನಿಯ ರಕ್ತವನ್ನು ಉಳಿದೆಲ್ಲದರಿಂದ ಬೇರ್ಪಡಿಸುವ ಗುರುತು ಅದೊಂದೇ. ಈ ಹೊಳಹು ಜಪಾನಿನ ಎಂಜಿನಿಯರ್ ತಕುವೊ ಅವೊಯಾಗಿ ಅವರದು. ನಿಹೋನ್ ಕೋಡೆನ್ ಕಂಪನಿಯಲ್ಲಿ ಅವರು ಹೃದಯ ಎಷ್ಟು ರಕ್ತ ಹೊರದೂಡುತ್ತದೆ ಎಂಬುದನ್ನು ಕಿವಿಯ ಮೂಲಕ ಬೆಳಕು ಹಾಯಿಸಿ ಅಳೆಯಲು ಹೊರಟಿದ್ದರು, ನಾಡಿಯ ಏರಿಳಿತ ಆ ಅಳತೆಗೆ ಅಡ್ಡಿಯಾಗುತ್ತಿತ್ತು. ಅಡ್ಡಿಯನ್ನು ಎರಡನೆಯ ಬಣ್ಣದ ಬೆಳಕಿನಿಂದ ಕಳೆದುಹಾಕಲು ಯತ್ನಿಸಿದಾಗ, ರಕ್ತದ ಆಮ್ಲಜನಕ ಬದಲಾದರೆ ಲೆಕ್ಕ ತಪ್ಪುವುದನ್ನು ಕಂಡರು. ತಪ್ಪುತ್ತಿದ್ದ ಆ ಲೆಕ್ಕದಲ್ಲೇ ಆಮ್ಲಜನಕದ ಅಳತೆ ಅಡಗಿತ್ತು. 1974ರಲ್ಲಿ ಅವರು ಈ ವಿಧಾನವನ್ನು ಮಂಡಿಸಿದರು. ಅಂದರೆ ಈ ಉಪಕರಣ ಹುಟ್ಟಿದ್ದೇ ಅಲೆಯಿಂದ. ಅಲೆಯಿಂದ ಹುಟ್ಟಿದ್ದನ್ನು ಅಲೆ ಮುಚ್ಚಿಟ್ಟು ಮಾರುತ್ತಿದ್ದಾರೆ ಎಂಬುದೇ ನನ್ನ ಸಂಕಟ.

ಈಗ ಒಂದು ಲೆಕ್ಕ ಮಾಡೋಣ, ಇಷ್ಟರಲ್ಲೇ 86 ಎಲ್ಲಿಂದ ಬಂದಿರಬಹುದೆಂದು ಗೊತ್ತಾಗುತ್ತದೆ. ಕೆಂಪು ಬೆಳಕಿನ ಏರಿಳಿತದ ಪಾಲನ್ನು ಅವಕೆಂಪಿನ ಏರಿಳಿತದ ಪಾಲಿನಿಂದ ಭಾಗಿಸಿದರೆ ಬರುವ ಸಂಖ್ಯೆಯನ್ನು `R` ಎನ್ನೋಣ. ಪಠ್ಯಪುಸ್ತಕಗಳಲ್ಲಿ ಕೊಡುವ ಸರಳ ಸೂತ್ರ ಹೀಗಿದೆ, ಇದರಲ್ಲಿ `SpO2` ಎಂದರೆ ಪರದೆಯ ಮೇಲೆ ಬರುವ ಆಮ್ಲಜನಕದ ಅಂಕಿ:

```
SpO2 = 110 − 25 × R
```

ಪ್ರತಿ ಕಂಪನಿಯೂ ತನ್ನದೇ ಕೋಷ್ಟಕ ಬಳಸುತ್ತದೆ. ಆರೋಗ್ಯವಂತ ಸ್ವಯಂಸೇವಕರಿಗೆ ಆಮ್ಲಜನಕ ಕಡಿಮೆ ಇರುವ ಗಾಳಿಯನ್ನು ಉಸಿರಾಡಿಸಿ, ಅಪಧಮನಿಯಿಂದ ತೆಗೆದ ರಕ್ತದ ಪರೀಕ್ಷೆಯೊಂದಿಗೆ ಹೋಲಿಸಿ ಅಂಥ ಕೋಷ್ಟಕ ತಯಾರಿಸುತ್ತಾರೆ. ನಮ್ಮ ಲೆಕ್ಕಕ್ಕೆ ಈ ಸರಳ ಸೂತ್ರ ಸಾಕು.

ತಂದೆಯವರ ಬೆರಳಿನಲ್ಲಿ, ಸಾವಿರ ಪಾಲು ಬೆಳಕಿಗೆ, ಕೆಂಪಿನ ಏರಿಳಿತ 10, ಅವಕೆಂಪಿನದು 20 ಎಂದುಕೊಳ್ಳೋಣ. `R` ಅರ್ಧ, ಆಮ್ಲಜನಕ 97.5. ಅದೇ ತಂದೆಯವರ ಮಣಿಕಟ್ಟಿನಲ್ಲಿ ಅಲೆ ಚಿಕ್ಕದು, ಕೆಂಪಿನಲ್ಲಿ 1, ಅವಕೆಂಪಿನಲ್ಲಿ 2 ಎಂದಿರಲಿ. ಇಲ್ಲಿಯೂ `R` ಅರ್ಧ, ಇಲ್ಲಿಯೂ 97.5. ಇಲ್ಲಿಯವರೆಗೆ ಗಡಿಯಾರಕ್ಕೂ ಕ್ಲಿಪ್ಪಿಗೂ ಜಗಳವಿಲ್ಲ. ಈಗ ನಿದ್ದೆಯಲ್ಲಿ ಕೈ ಸ್ವಲ್ಪ ಕದಲಿ ಎರಡೂ ಬಣ್ಣಗಳಿಗೆ 3 ಪಾಲು ಗದ್ದಲ ಸೇರಿತು. ಬೆರಳಿನಲ್ಲಿ 13ನ್ನು 23ರಿಂದ ಭಾಗಿಸಿದರೆ ಆಮ್ಲಜನಕ ಸುಮಾರು 96, ಯಾರಿಗೂ ಗೊತ್ತಾಗದಷ್ಟು ವ್ಯತ್ಯಾಸ. ಮಣಿಕಟ್ಟಿನಲ್ಲಿ 4ನ್ನು 5ರಿಂದ ಭಾಗಿಸಬೇಕು, ಆಮ್ಲಜನಕ 90! ಗದ್ದಲ 30 ಪಾಲಿಗೆ ಏರಿದರೆ ಮಣಿಕಟ್ಟಿನ ಲೆಕ್ಕ 31 ಭಾಗಿಸು 32, ಉತ್ತರ ಸುಮಾರು 86. ತಂದೆಯವರ ರಕ್ತದಲ್ಲಿ ಒಂದು ಕಣವೂ ಬದಲಾಗಿಲ್ಲ, ಬದಲಾದದ್ದು ಮಗ್ಗುಲು ಮಾತ್ರ.

ಇದರೊಳಗೆ ಇನ್ನೂ ಒಂದು ಕುತೂಹಲದ ಸಂಗತಿಯಿದೆ, ದಯವಿಟ್ಟು ಗಮನಿಸಿ. ಗದ್ದಲ ಎರಡೂ ಬಣ್ಣಗಳಿಗೆ ಸಮನಾಗಿ ಸೇರುತ್ತಾ ಹೋದಂತೆ `R` ಒಂದರ ಹತ್ತಿರಕ್ಕೆ ಬರುತ್ತದೆ, `R` ಒಂದಾದರೆ ಸೂತ್ರದ ಉತ್ತರ 85. ಅಂದರೆ ಇಂಥ ಗದ್ದಲದಿಂದ ಹುಟ್ಟಿದ ಸುಳ್ಳು ಓದಿಕೆ ಸುಮ್ಮನೆ ಎಲ್ಲೆಲ್ಲಿಗೋ ಹೋಗುವುದಿಲ್ಲ, 85ರ ಕಡೆಗೆ ಜಾರುತ್ತದೆ. ಆಸ್ಪತ್ರೆಯ ಐಸಿಯುಗಳಲ್ಲಿ ಕೆಲಸ ಮಾಡುವವರಿಗೆ ಈ ಜಾರಿಕೆ ಹಳೆಯ ಪರಿಚಯ. ಹೆಚ್ಚು ಭಯಪಡಬೇಕಾದದ್ದು ಇದರ ಇನ್ನೊಂದು ಮಗ್ಗುಲಿಗೆ. ನಿಜವಾಗಿಯೂ 75ಕ್ಕೆ ಇಳಿದ ರೋಗಿಯ ಮಣಿಕಟ್ಟಿನಲ್ಲಿ ಕೆಂಪು 2.8, ಅವಕೆಂಪು 2 ಇರುತ್ತದೆ ಎನ್ನೋಣ. ಅದೇ 30 ಪಾಲು ಗದ್ದಲ ಸೇರಿಸಿದರೆ ಉತ್ತರ ಸುಮಾರು 84. ಆರೋಗ್ಯವಂತರಿಗೂ 86, ಸಾವಿನ ಅಂಚಿನಲ್ಲಿರುವವರಿಗೂ 84! ಅಂಕಿ ನೋಡಿ ಇಬ್ಬರನ್ನು ಬೇರ್ಪಡಿಸಿ ನೋಡೋಣ. ಸಾಧ್ಯವಿಲ್ಲ. ಅಲೆ ಕಂಡಿದ್ದರೆ ಇದು ನಾಡಿಯಲ್ಲ, ಕೈಯ ಅಲುಗಾಟ ಎಂದು ಕೂಡಲೇ ಹೇಳಬಹುದಿತ್ತು.

ಗಡಿಯಾರಗಳ ಸಾಫ್ಟ್‌ವೇರ್ ಇಷ್ಟು ಮುಗ್ಧವಲ್ಲ, ಕೆಟ್ಟ ಸಂಕೇತವನ್ನು ಎಸೆದುಬಿಡುತ್ತದೆ ಎಂದು ಕೆಲವರು ಹೇಳುತ್ತಾರೆ. ಎಸೆಯುತ್ತದೆ, ಒಪ್ಪಿದೆ. ಎಷ್ಟನ್ನು ಎಸೆಯಿತು, ಏನನ್ನು ಉಳಿಸಿಕೊಂಡಿತು, ಉಳಿದದ್ದು ಎಷ್ಟು ಸ್ವಚ್ಛವಾಗಿತ್ತು? ಅದನ್ನು ಹೇಳುತ್ತದೆಯೇ? ನಮ್ಮ ಕಮೆಂಟ್ ಮಾಡಿದವರ ತಂದೆಯವರಿಗೆ 86ನ್ನು ತೋರಿಸಿದ ಸಾಫ್ಟ್‌ವೇರ್ ಇದೇ ತಾನೇ?

ಸಾವಿರ ರೂಪಾಯಿಯ ಕ್ಲಿಪ್ಪು ಏಕೆ ಮೇಲು ಎಂಬ ಪ್ರಶ್ನೆಗೆ ಉತ್ತರ ಬೆಲೆಯಲ್ಲಿಲ್ಲ. ಬೆರಳ ತುದಿಯಲ್ಲಿ ರಕ್ತನಾಳಗಳು ದಟ್ಟವಾಗಿವೆ, ಬೆಳಕು ಒಂದು ಬದಿಯಿಂದ ಹೊಕ್ಕು ಇನ್ನೊಂದು ಬದಿಗೆ ಹಾಯುತ್ತದೆ, ಹಾಗಾಗಿ ಅಲೆ ದೊಡ್ಡದು. ಮಣಿಕಟ್ಟಿನಲ್ಲಿ ಮೂಳೆ ಮತ್ತು ಸ್ನಾಯುರಜ್ಜುಗಳ ನಡುವಿನಿಂದ ಹಿಂತಿರುಗಿ ಬಂದ ಬೆಳಕನ್ನೇ ನಂಬಬೇಕು. ಅದಕ್ಕಿಂತ ಮುಖ್ಯವಾಗಿ, ಆ ಬಡಪಾಯಿ ಕ್ಲಿಪ್ಪಿನ ಪರದೆಯ ಮೇಲೆ ನಾಡಿಯ ಜೊತೆ ಏರಿಳಿಯುವ ಒಂದು ಪಟ್ಟಿಯೋ ಗೆರೆಯೋ ಇರುತ್ತದೆ. ಅದು ಸಮನಾಗಿ ಕುಣಿಯುತ್ತಿದ್ದರೆ ಅಂಕಿಯನ್ನು ನೋಡಿ, ತಡವರಿಸುತ್ತಿದ್ದರೆ ನೋಡಬೇಡಿ. ಸಾವಿರ ರೂಪಾಯಿಯ ಸಾಧನ ತನ್ನ ಅಲೆಯನ್ನು ಬಿಚ್ಚಿ ತೋರಿಸುತ್ತದೆ, ಮೂವತ್ತು ಸಾವಿರದ್ದು ಮುಚ್ಚಿಡುತ್ತದೆ.

"ಜನರಿಗೆ ಅಲೆ ಅರ್ಥವಾಗುವುದಿಲ್ಲ ಸಾರ್, ಗೊಂದಲವಾಗುತ್ತದೆ." ಇದು ಕಂಪನಿಗಳ ಪರವಾಗಿ ನನಗೆ ಬರುವ ಅತಿ ಪ್ರೀತಿಯ ವಾದ. ಬೆಳಿಗ್ಗೆ ಒಂಬತ್ತೂ ಕಾಲಿಗೆ ಷೇರುಪೇಟೆಯ ಗ್ರಾಫಿನಲ್ಲಿ ಕೆಂಪು ಹಸಿರು ಕಡ್ಡಿಗಳನ್ನು ಓದುವ ಜನ, ಮಳೆ ಬಂದರೆ ಡಕ್ವರ್ತ್ ಲೂಯಿಸ್ ಲೆಕ್ಕವನ್ನು ಚಹಾದಂಗಡಿಯಲ್ಲಿ ವಿವರಿಸುವ ಜನ, ಪಂಚಾಂಗದಲ್ಲಿ ರಾಹುಕಾಲ ಗುಳಿಕಕಾಲ ಹುಡುಕುವ ಜನ, ಇವರಿಗೆ ಒಂದೇ ತರಹದ ಗುಡ್ಡಗಳ ಸಾಲು ಯಾವುದು, ಅಡ್ಡಾದಿಡ್ಡಿ ಗೀಚು ಯಾವುದು ಎಂದು ಗೊತ್ತಾಗುವುದಿಲ್ಲವೇ? ಅದೇ ಗಡಿಯಾರಗಳಲ್ಲಿ ಕೆಲವು ಬೆರಳಿಟ್ಟರೆ ಇಸಿಜಿ ಗೆರೆಯನ್ನು ಇಡಿಯಾಗಿ ತೋರಿಸುತ್ತವೆ, ಅದನ್ನು ವೈದ್ಯರಿಗೆ ಕಳಿಸಬಹುದು. ಇಸಿಜಿ ಅರ್ಥವಾಗುವ ಜನರಿಗೆ ಬೆಳಕಿನ ಅಲೆ ಮಾತ್ರ ಅರ್ಥವಾಗುವುದಿಲ್ಲವೇ?

ಇಲ್ಲಿ ಒಂದು ಕ್ಷಣ ನಿಲ್ಲುತ್ತೇನೆ. ಈ ಚಾನೆಲ್ಲಿಗೆ ಯಾವ ಗಡಿಯಾರದ ಕಂಪನಿಯೂ ಹಣ ಕೊಟ್ಟಿಲ್ಲ, ಈ ಸಂಚಿಕೆಯ ನಂತರ ಕೊಡುವ ಸಂಭವವೂ ಕಾಣುತ್ತಿಲ್ಲ. ಆದ್ದರಿಂದ ಸದಸ್ಯತ್ವದ ಗುಂಡಿ ಕೆಳಗಿದೆ, ನಿಮ್ಮ ನಾಡಿ ಸರಿಯಾಗಿ ಬಡಿಯುತ್ತಿದ್ದರೆ ಒತ್ತಿ. ರಕ್ತದೊತ್ತಡ ತೋರಿಸುವ ಗಡಿಯಾರಗಳ ಬಗ್ಗೆ ಮುಂದಿನ ಸಂಚಿಕೆ ಬರುತ್ತದೆ, ಅದಕ್ಕಾಗಿ ಈಗಲೇ ಕೋಪ ಕೂಡಿಡುತ್ತಿದ್ದೇನೆ.

ಅಲೆ ಚೆನ್ನಾಗಿದ್ದರೂ ಅಂಕಿ ತಪ್ಪಬಹುದಲ್ಲ ಎಂದು ವೈದ್ಯ ವಿದ್ಯಾರ್ಥಿಯೊಬ್ಬರು ಬರೆದಿದ್ದಾರೆ. ತಪ್ಪಬಹುದು, ಅವರ ಮಾತು ಸರಿ. ಕಿಟಕಿಯಿಲ್ಲದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಉರಿದಾಗ ಹೊರಬರುವ ಕಾರ್ಬನ್ ಮಾನಾಕ್ಸೈಡ್ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡರೆ, ಎರಡೇ ಬಣ್ಣದ ಬೆಳಕಿಗೆ ಅದು ಆಮ್ಲಜನಕ ಹೊತ್ತ ರಕ್ತದಂತೆಯೇ ಕಾಣುತ್ತದೆ. ಮನುಷ್ಯ ಪ್ರಜ್ಞೆ ತಪ್ಪುತ್ತಿರುವಾಗಲೂ ಅಂಕಿ 98 ಎನ್ನಬಹುದು. ರಕ್ತಹೀನತೆಯಲ್ಲೂ ಹಾಗೆಯೇ: ಇರುವ ಹಿಮೋಗ್ಲೋಬಿನ್ನಿನಲ್ಲಿ ಎಷ್ಟು ಪಾಲು ತುಂಬಿದೆ ಎಂಬುದನ್ನಷ್ಟೇ ಈ ವಿಧಾನ ಹೇಳುತ್ತದೆ, ಹಿಮೋಗ್ಲೋಬಿನ್ ಎಷ್ಟಿದೆ ಎಂದಲ್ಲ. ಹಿಮೋಗ್ಲೋಬಿನ್ 14 ಇರಬೇಕಾದವರಿಗೆ 7 ಇದ್ದರೆ ರಕ್ತ ಹೊರಬಲ್ಲ ಆಮ್ಲಜನಕ ಅರ್ಧದಷ್ಟು, ಪರದೆಯ ಮೇಲೆ ಮಾತ್ರ ಎಂದಿನ 98.

ಚರ್ಮದ ಬಣ್ಣದ ವಿಷಯವೂ ಇದೆ. 2020ರ ಡಿಸೆಂಬರಿನಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ, ಆಸ್ಪತ್ರೆಯ ಆಕ್ಸಿಮೀಟರ್ 92ರಿಂದ 96 ತೋರಿಸುತ್ತಿದ್ದ ಹೊತ್ತಿನಲ್ಲೇ ರಕ್ತಪರೀಕ್ಷೆಯಲ್ಲಿ ಆಮ್ಲಜನಕ 88ಕ್ಕಿಂತ ಕೆಳಗಿದ್ದ ಪ್ರಮಾಣ ಕಪ್ಪುವರ್ಣೀಯ ರೋಗಿಗಳಲ್ಲಿ ಶೇ. 11.7, ಬಿಳಿಯರಲ್ಲಿ ಶೇ. 3.6 ಇತ್ತು. ಆಸ್ಪತ್ರೆಯ ಸಾಧನದ ಕಥೆಯೇ ಇದು. ಕಪ್ಪು ಚರ್ಮದವರು ತುಂಬಿರುವ ನಮ್ಮ ನಾಡಿನಲ್ಲಿ ಈ ಪ್ರಶ್ನೆಯನ್ನು ಗಡಿಯಾರ ಮಾರುವ ಯಾವ ಅಂಗಡಿಯಲ್ಲಾದರೂ ಕೇಳಿ ನೋಡಿ, ಪಟ್ಟಿ ಯಾವ ಬಣ್ಣದ್ದು ಬೇಕು ಎಂಬ ಉತ್ತರ ಸಿಗುತ್ತದೆ.

ಹಾಗಾದರೆ ಅಲೆಯಿಂದೇನು ಪ್ರಯೋಜನ ಎಂದು ಆ ವಿದ್ಯಾರ್ಥಿ ಕೇಳುತ್ತಾರೆ. ಡಾಕ್ಟರೇ, ಅದು ಬೇರೆ ಜಗಳ. ಒಳ್ಳೆಯ ಅಲೆಯಿದ್ದೂ ತಪ್ಪುವ ಅಂಕಿಯ ಬಗ್ಗೆ ನಾವು ಚರ್ಚಿಸಬೇಕಾದರೆ ಮೊದಲು ಒಳ್ಳೆಯ ಅಲೆ ಇತ್ತೋ ಇಲ್ಲವೋ ಎಂಬುದಾದರೂ ಗೊತ್ತಾಗಬೇಕಲ್ಲ! ಮೊದಲು ಅಲೆ ತೋರಿಸಲಿ, ಆಮೇಲೆ ನಾವಿಬ್ಬರೂ ಕೂತು ಕಾರ್ಬನ್ ಮಾನಾಕ್ಸೈಡ್ ಬಗ್ಗೆ ಜಗಳವಾಡೋಣ.

ತಂದೆಯವರ 86ನ್ನು ಕಸದ ಬುಟ್ಟಿಗೆ ಹಾಕಿ ಎಂದು ನಾನು ಹೇಳುತ್ತಿಲ್ಲ, ಇದನ್ನು ದಯವಿಟ್ಟು ಸರಿಯಾಗಿ ಕೇಳಿಸಿಕೊಳ್ಳಿ. ಗೊರಕೆ ಹೊಡೆಯುತ್ತಾ ನಡುನಡುವೆ ಉಸಿರು ಕಟ್ಟಿದಂತಾಗುವವರಲ್ಲಿ ರಾತ್ರಿ ಆಮ್ಲಜನಕ ನಿಜವಾಗಿಯೂ 86ಕ್ಕೆ, ಇನ್ನೂ ಕೆಳಕ್ಕೆ ಇಳಿಯಬಹುದು, ಎಬ್ಬಿಸಿ ಕೂರಿಸಿದ ಮೇಲೆ ಕ್ಲಿಪ್ಪಿನಲ್ಲಿ 97 ಬರುವುದೂ ಸಹಜ. ಅಂಥವರಲ್ಲಿ ಇಳಿತ ಒಮ್ಮೆ ಬಂದು ಹೋಗುವುದಿಲ್ಲ, ಉಸಿರು ನಿಂತಾಗಲೆಲ್ಲ ಇಳಿದು ಮತ್ತೆ ಏರಿ, ಗರಗಸದ ಹಲ್ಲಿನಂತೆ ಮರುಕಳಿಸುತ್ತದೆ. ಮೈಯಡಿ ಸಿಕ್ಕ ಕೈಯಲ್ಲಿ ರಕ್ತ ಸರಿಯಾಗಿ ಹರಿಯದೆ ಬಂದ ಸುಳ್ಳು ಇಳಿತದಲ್ಲಿ ಮೊದಲು ಅಲೆಯೇ ಕುಗ್ಗುತ್ತದೆ. ಎರಡನ್ನೂ ಬೇರ್ಪಡಿಸುವ ಮಾಹಿತಿ ಆ ರಾತ್ರಿ ಆ ಗಡಿಯಾರದ ಸೆನ್ಸರಿನೊಳಗೆ ಹಾದುಹೋಯಿತು. ಕೋಣೆಯಲ್ಲಿದ್ದ ಯಾರಿಗೂ ಕಾಣಲಿಲ್ಲ! ಬೆಳಿಗ್ಗೆ ಆ್ಯಪಿನಲ್ಲಿ ಉಳಿದದ್ದು ಒಂದು ಕೆಂಪು ಚುಕ್ಕೆ ಮತ್ತು ಕಂಪನಿಯ ಸಣ್ಣಕ್ಷರ: ಇದು ವೈದ್ಯಕೀಯ ಬಳಕೆಗಲ್ಲ. ವೈದ್ಯಕೀಯ ಬಳಕೆಗಲ್ಲದ ರಕ್ತದ ಆಮ್ಲಜನಕವನ್ನು ಇನ್ನಾವ ಬಳಕೆಗೆ ತೆಗೆದುಕೊಳ್ಳಬೇಕು, ಒಗ್ಗರಣೆಗೋ?

ಆದ್ದರಿಂದ ಆ ವೀಕ್ಷಕರಿಗೆ: ತಂದೆಯವರು ಗೊರಕೆ ಹೊಡೆಯುತ್ತಾರೆಯೇ, ಹಗಲಲ್ಲಿ ತೂಕಡಿಸುತ್ತಾರೆಯೇ ನೋಡಿ. ಹೌದಾದರೆ ನಿದ್ರೆಯ ಪರೀಕ್ಷೆಗೆ ಕರೆದೊಯ್ಯಿರಿ, ಗಡಿಯಾರವನ್ನು ಮನೆಯಲ್ಲಿ ಬಿಟ್ಟು ಹೋದರೂ ನಡೆಯುತ್ತದೆ. ಕ್ಲಿಪ್ಪನ್ನು ಹಾಕುವಾಗ ಐದು ನಿಮಿಷ ಕೂರಿಸಿ, ತಣ್ಣಗಿರುವ ಕೈಯನ್ನು ಉಜ್ಜಿ ಬೆಚ್ಚಗೆ ಮಾಡಿ, ಪಟ್ಟಿ ಸಮನಾಗಿ ಕುಣಿಯಲು ಶುರುವಾಗಿ ಅರ್ಧ ನಿಮಿಷ ಕಾದು ಓದಿ. ಕ್ಲಿಪ್ಪು ತೋರಿಸುವ ನಾಡಿಯ ಸಂಖ್ಯೆ ನೀವು ಕೈ ಹಿಡಿದು ಎಣಿಸಿದ್ದಕ್ಕೆ ಹೊಂದದಿದ್ದರೆ ಅದರ ಆಮ್ಲಜನಕವನ್ನೂ ಒಪ್ಪಬೇಡಿ, ಎರಡೂ ಒಂದೇ ಅಲೆಯಿಂದ ಬಂದವು. ಸರಿಯಾಗಿ ತೆಗೆದ ಓದಿಕೆ 94ಕ್ಕಿಂತ ಕೆಳಗೇ ನಿಂತರೆ ವೈದ್ಯರನ್ನು ಕಾಣಬೇಕು. ಏದುಸಿರು, ತುಟಿ ನೀಲಿಗಟ್ಟುವುದು, ಮಾತು ತಡವರಿಸುವುದು ಕಂಡರೆ ಯಾವ ಅಂಕಿಗೂ ಕಾಯದೆ ಆಸ್ಪತ್ರೆಗೆ ಹೊರಡಬೇಕು.

ಇಷ್ಟೆಲ್ಲ ಹೇಳಿದ ಮೇಲೂ ನಾಳೆ ಯಾರೋ ಒಬ್ಬರು ಸ್ಕ್ರೀನ್‌ಶಾಟ್ ಕಳಿಸಿ "ಸಾರ್, ನನ್ನದು 99, ಹೇಗೆ?" ಎಂದು ಕೇಳುತ್ತಾರೆ. ಹೇಗೆಂದು ನನಗೇನು ಗೊತ್ತು, ಅಲೆ ಎಲ್ಲಿದೆ? ಇನ್ನೊಬ್ಬರು ತಮ್ಮದು ಹೊಸ ಮಾದರಿ, ಹಳೆಯದಕ್ಕಿಂತ ಎಲ್‌ಇಡಿಗಳು ಹೆಚ್ಚು ಎನ್ನುತ್ತಾರೆ. ದೀಪಾವಳಿಗೆ ಒಳ್ಳೆಯದು, ಅಲೆ ಎಲ್ಲಿದೆ? ಚೀನಾದಲ್ಲಿ ಟಿಶ್ಯೂ ಪೇಪರಿನ ಸುರುಳಿಗೆ ಫಿಟ್‌ನೆಸ್ ಬ್ಯಾಂಡ್ ಕಟ್ಟಿ ಅದರ ಹೃದಯ ಬಡಿತ ಓದಿದ ಸುದ್ದಿ 2018ರಲ್ಲೇ ಬಂದಿತ್ತು. ನಿಮ್ಮದನ್ನು ಒಂದು ಬದನೆಕಾಯಿಗೆ ಕಟ್ಟಿ ನೋಡಿ, ಅಂಕಿ ಬಂದರೆ ಬದನೆಕಾಯಿ ಕ್ಷೇಮವೇ ಎಂದು ವಿಚಾರಿಸಿ ಕಮೆಂಟಿನಲ್ಲಿ ಬರೆಯಿರಿ. ಅಂಕಿ ಬರದೆ ಪರದೆ ಖಾಲಿ ಉಳಿದರೆ ಆ ಗಡಿಯಾರದ ಹೆಸರನ್ನೂ ಬರೆಯಿರಿ, ಅಂಥದ್ದನ್ನು ಕೊಳ್ಳುವ ಯೋಚನೆ ನನಗೂ ಇದೆ.